ಊಟದ ಲೆಕ್ಕಕ್ಕೆ ಕೊಟ್ಟ ನಂಬರ್ ಅಂಗಡಿಗೆ ಹೋಗಿದ್ದು ಹೇಗೆ? ರೇಷ್ಮೆ ತರಬೇತಿ ನಡೆಸಿದ ಸಂಘಕ್ಕೊಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಸಮಿತಿಯ ಸದಸ್ಯರು,
ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣದ ಬಗ್ಗೆ ತರಬೇತಿ ನಡೆಸಿದ ಬೆಳೆಗಾರರ ಸಂಘ,
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ.

ಮಾನ್ಯರೇ,

ನಮಸ್ಕಾರ. ನೀವು ನಡೆಸಿದ ತರಬೇತಿಗೆ ನಾನೂ ಬಂದಿದ್ದೆ, ನಮ್ಮ ದೊಡ್ಡಮ್ಮನೂ ಬಂದಿದ್ದರು. ತರಬೇತಿ ಚೆನ್ನಾಗಿತ್ತು. ಹುಳು ಮನೆಯ ಕಿಟಕಿಗೆ ನೈಲಾನ್ ಪರದೆ ಯಾಕೆ ಹಾಕಬೇಕು, ಹುಳುವಿನ ಮೈಮೇಲೆ ಕಪ್ಪು ಚುಕ್ಕೆ ಕಂಡರೆ ಏನು ಅರ್ಥ, ಊಜಿ ನೊಣದ ಹುಳ ಕೊರೆದು ಹೊರಬಂದ ಗೂಡಿನಿಂದ ನೂಲು ಯಾಕೆ ಬಿಚ್ಚಲಾಗುವುದಿಲ್ಲ, ಎಲ್ಲವನ್ನೂ ನಮಗೆ ತಿಳಿಯುವ ಹಾಗೆ ಹೇಳಿದರು. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ನನ್ನ ದೂರು ಇರುವುದು ಅವತ್ತು ಸಾಲಿಂದ ಸಾಲಿಗೆ ಕೈ ಬದಲಾದ ಆ ಹೆಸರು ಬರೆಯುವ ಹಾಳೆಯ ಬಗ್ಗೆ. ಅಧ್ಯಕ್ಷರಿಗೆ ಬಾಯಲ್ಲಿ ಒಂದು ಸಲ ಹೇಳಿದೆ. "ಅದೇನು ದೊಡ್ಡ ವಿಷಯ ಬಿಡಮ್ಮ" ಅಂದರು. ತಾಲ್ಲೂಕಿನ ಬೇರೆ ಸಂಘಗಳೂ ಇದೇ ಥರದ ಹಾಳೆ ಇಟ್ಟುಕೊಂಡಿವೆ. ಅದಕ್ಕೇ ಎಲ್ಲರೂ ಓದಲಿ ಅಂತ ಹೀಗೆ ಬರೆಯುತ್ತಿದ್ದೇನೆ.

ರೇಷ್ಮೆ ಬೆಳೆಯ ಜೊತೆಗೆ ನಾನು ಡಿಟಿಪಿ, ಜೆರಾಕ್ಸ್ ಅಂಗಡಿಯನ್ನೂ ನಡೆಸುವವಳು. ಹಾಳೆ ಕಂಡರೆ ಕಣ್ಣು ಮೊದಲು ಗೆರೆ, ಕಾಲಂ ಕಡೆ ಹೋಗುತ್ತದೆ. ಅವತ್ತಿನದು ಉದ್ದ ನೋಟ್‌ಬುಕ್ಕಿನ ಹಾಳೆ. ಸ್ಕೇಲಿಟ್ಟು ಗೆರೆ ಎಳೆದು ಕ್ರಮ ಸಂಖ್ಯೆ, ಹೆಸರು, ಊರು, ಫೋನ್ ನಂಬರ್, ಸಹಿ ಅಂತ ಬರೆದಿದ್ದರು. ಮೇಲೆ ತಾರೀಕಿತ್ತು, ಅಷ್ಟೇ. ಈ ನಂಬರ್ ಯಾಕೆ ಬೇಕು, ಯಾರ ಹತ್ತಿರ ಇರುತ್ತದೆ, ಎಷ್ಟು ದಿನ ಇರುತ್ತದೆ ಅನ್ನುವುದು ಎಲ್ಲೂ ಇರಲಿಲ್ಲ. ಹಾಳೆ ಕೊಟ್ಟ ಹುಡುಗನನ್ನು ಕೇಳಿದೆ. "ಊಟದ ಲೆಕ್ಕಕ್ಕೆ ಮೇಡಂ" ಅಂದ. ಊಟದ ಲೆಕ್ಕಕ್ಕೆ ತಲೆ ಎಣಿಸಿದರೆ ಸಾಕಲ್ವಾ? ಆದರೂ ಹಿಂದಿನ ಸಾಲಿನವರು ಹಾಳೆಗೆ ಕಾಯುತ್ತಿದ್ದರು, ಭಾಷಣ ನಡೆಯುತ್ತಿತ್ತು. ಎಲ್ಲರೂ ಸುಮ್ನೆ ಬರೆದು ಮುಂದಕ್ಕೆ ಕೊಟ್ಟರು.

ಇಂಥ ಹಾಳೆಯಲ್ಲಿ ಕೊನೆಗೆ ಬರೆಯುವವರು ತಮಗಿಂತ ಮುಂಚೆ ಬರೆದವರ ನಂಬರನ್ನೆಲ್ಲ ನೋಡಬಹುದು. ಒಂದು ಪುಟಕ್ಕೆ 25 ಸಾಲು ಅಂದರೆ 25ನೆಯವರ ಕೈಯಲ್ಲಿ 24 ಜನರ ಹೆಸರು, ಊರು, ನಂಬರ್. ನನ್ನ ಹಿಂದಿನ ಸಾಲಿನಲ್ಲಿ ಒಬ್ಬರು ಮೊಬೈಲ್ ಎತ್ತಿ ಆ ಹಾಳೆಯ ಫೋಟೊ ತೆಗೆದುಕೊಂಡರು. ಯಾರೂ ಬೇಡ ಅನ್ನಲಿಲ್ಲ. ಬೇಡ ಅನ್ನುವುದಾದರೂ ಯಾವ ಆಧಾರದ ಮೇಲೆ? ತೆಗೆಯಬಾರದು ಅಂತ ಹಾಳೆಯಲ್ಲಿ ಬರೆದಿರಲಿಲ್ಲವಲ್ಲ.

ಅದಾದ ಮೇಲೆ ಏನಾಯಿತು ಅಂತ ಹೇಳುತ್ತೇನೆ. ಮೊದಲು ನಮ್ಮನ್ನೆಲ್ಲ ಕೇಳದೆ ಒಂದು ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿದರು. ಅದರಲ್ಲಿ ತರಬೇತಿಯ ಮಾತು ಕಮ್ಮಿ. ಹುಟ್ಟುಹಬ್ಬದ ಶುಭಾಶಯ, ಯಾರೋ ಮುಖಂಡರ ಫ್ಲೆಕ್ಸ್, ಚೀಟಿ ವ್ಯವಹಾರದ ಜಾಹೀರಾತು, ಇವೇ ಜಾಸ್ತಿ. ಆಮೇಲೆ ಫೋನ್ ಬರತೊಡಗಿತು. ಸೋಂಕು ನಿವಾರಕ ಮಾರುವವರು, ಹುಳು ಗೂಡು ಕಟ್ಟುವ ಚಂದ್ರಿಕೆ ಮಾರುವವರು, ಬೆಳೆ ಸಾಲ ಕೊಡಿಸುತ್ತೇವೆ ಅನ್ನುವವರು. ಹುಳುವಿಗೆ ಕೊನೇ ಹಂತದಲ್ಲಿ ಸೊಪ್ಪು ಹಾಕುವಾಗ ಮನೆಯಲ್ಲಿ ಒಬ್ಬರಿಗೂ ಕೈ ಬಿಡುವಿರುವುದಿಲ್ಲ, ನಿಮಗೆ ಗೊತ್ತೇ ಇದೆ. ಅಂಥ ಹೊತ್ತಲ್ಲೂ ಈ ಫೋನುಗಳು.

ಇದು ನಿಮ್ಮ ಹಾಳೆಯಿಂದಲೇ ಹೋಗಿದ್ದು ಅಂತ ಹೇಗೆ ಹೇಳುತ್ತೀಯಾ ಅಂತ ನಿಮ್ಮ ಸಮಿತಿಯವರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನಮ್ಮ ನಂಬರ್ ಬೇರೆ ನೂರು ಕಡೆ ಇರುತ್ತದೆ, ನಿಜ. ಆದರೆ ನಮ್ಮ ದೊಡ್ಡಮ್ಮನಿಗೆ ಓದು ಬರಹ ಬರುವುದಿಲ್ಲ. ಅವತ್ತು ಪಕ್ಕದಲ್ಲಿ ಕೂತವರು ಅವರ ಹೆಸರು ಬರೆದರು. ಬರೆದಿದ್ದು ಊರಲ್ಲಿ ಕರೆಯುವ ಹೆಸರು, ಪಾಪಮ್ಮ ಅಂತ. ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ಡೈರಿಯ ಪುಸ್ತಕ, ಎಲ್ಲದರಲ್ಲೂ ಇರುವುದು ಅವರ ದಾಖಲೆ ಹೆಸರು. ಪಾಪಮ್ಮ ಅಂತ ಅವರ ಹೆಸರು ನಂಬರಿನ ಜೊತೆ ಬರೆದಿರುವುದು ಆ ಒಂದು ಹಾಳೆಯಲ್ಲಿ ಮಾತ್ರ. ಸೋಂಕು ನಿವಾರಕ ಮಾರುವವನು ಫೋನ್ ಮಾಡಿ ಕೇಳಿದ ಮೊದಲ ಮಾತೇ "ಪಾಪಮ್ಮ ಅವರಾ?" ಇದಕ್ಕಿಂತ ಸಾಕ್ಷಿ ಬೇಕಾ? (ನಿಮಗೂ ಇದು ಉಪಯೋಗಕ್ಕೆ ಬರುತ್ತದೆ. ನಿಮ್ಮ ಪಟ್ಟಿ ಹೊರಗೆ ಹೋಗಿದೆಯಾ ಅಂತ ತಿಳಿಯಬೇಕಾದರೆ ಸಮಿತಿಯವರದೇ ಒಂದು ನಂಬರನ್ನು ಬೇರೆ ಎಲ್ಲೂ ಬಳಸದ ಹೆಸರಿನಲ್ಲಿ ಪಟ್ಟಿಗೆ ಸೇರಿಸಿಡಿ. ಆ ಹೆಸರು ಹೇಳಿಕೊಂಡು ಯಾರಾದರೂ ಫೋನ್ ಮಾಡಿದರೆ ಪಟ್ಟಿ ಸೋರಿದೆ ಅಂತ ಲೆಕ್ಕ.)

ಇದಕ್ಕಿಂತ ಬೇಸರವಾಗಿದ್ದು ಇನ್ನೊಂದು. ನಮ್ಮ ಬೀದಿಯ ಹುಡುಗಿಯೊಬ್ಬಳು ತಾಯಿಯ ಜೊತೆ ತರಬೇತಿಗೆ ಬಂದು ತನ್ನ ನಂಬರ್ ಬರೆದಿದ್ದಳು. ಅವಳಿಗೆ ರಾತ್ರಿ ಹೊತ್ತು ಗುರುತಿಲ್ಲದ ನಂಬರಿನಿಂದ ಮೆಸೇಜ್ ಬರಲು ಶುರುವಾಯಿತು. ಗುಂಪಿನಿಂದ ತೆಗೆದುಕೊಂಡರೋ, ಹಾಳೆಯ ಫೋಟೊದಿಂದಲೋ ಗೊತ್ತಿಲ್ಲ. ಬ್ಲಾಕ್ ಮಾಡಿದರೆ ಇನ್ನೊಂದು ನಂಬರಿನಿಂದ ಬರುತ್ತಿತ್ತು. ಕೊನೆಗೆ ಅವಳ ಅಪ್ಪ ಸಿಮ್ಮನ್ನೇ ಬದಲಾಯಿಸಿದರು. ಇನ್ನು ಮುಂದೆ ಯಾವ ಕಾರ್ಯಕ್ರಮಕ್ಕೂ ಹೋಗಬೇಡ ಅಂದಿದ್ದಾರೆ. ಹೆಣ್ಣುಮಕ್ಕಳು ತರಬೇತಿಗೆ ಬರುವುದಿಲ್ಲ ಅಂತ ಸಭೆಯಲ್ಲಿ ನೀವೇ ಹೇಳುತ್ತೀರಿ. ಬಂದವಳು ಹೀಗೆ ನಿಂತಳು.

ನೀವು ಬೇಕಂತಲೇ ಮಾಡಿದಿರಿ ಅಂತ ನಾನು ಹೇಳುತ್ತಿಲ್ಲ. ಊಟದ ಖರ್ಚು ವಹಿಸಿಕೊಂಡ ಅಂಗಡಿಯವರು ಪಟ್ಟಿ ಕೇಳಿದರು, ಇಲ್ಲ ಅನ್ನಲು ಆಗಲಿಲ್ಲ ಅಂತ ನಿಮ್ಮವರೇ ಹೇಳಿದರು. ಅದು ಅರ್ಥವಾಗುತ್ತದೆ. ಆದರೆ ನಂಬರ್ ಕೊಟ್ಟವರು ನಾವು. ನಾವು ಕೊಟ್ಟಿದ್ದು ಸಂಘಕ್ಕೆ, ಊಟದ ಲೆಕ್ಕಕ್ಕೆ. ಅದನ್ನು ಅನ್ನದ ಋಣಕ್ಕೆ ಬದಲಾಗಿ ಕೊಡುವ ಹಕ್ಕು ಸಂಘಕ್ಕೆ ಇರಲಿಲ್ಲ.

ಇದಕ್ಕೆ ಈಗ ಕಾನೂನೂ ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಆಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮಾಹಿತಿ ತೆಗೆದುಕೊಳ್ಳುವವರ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು ಕೊಟ್ಟಿದ್ದಾರೆ. ಪುಸ್ತಕದಲ್ಲಿ ಬರೆದ ಹಾಳೆ ಪುಸ್ತಕದಲ್ಲೇ ಉಳಿದರೆ ಆ ಕಾಯ್ದೆ ಅದನ್ನು ಮುಟ್ಟುವುದಿಲ್ಲ. ಅದನ್ನು ಎಕ್ಸೆಲ್‌ಗೆ ಟೈಪ್ ಮಾಡಿದ ಕೂಡಲೇ ಮುಟ್ಟುತ್ತದೆ. ಕಾಯ್ದೆ ಕೇಳುವುದು ತುಂಬಾ ಸರಳ. ಯಾಕೆ ತೆಗೆದುಕೊಳ್ಳುತ್ತೀರಿ ಅಂತ ಮೊದಲೇ ಹೇಳಿ. ಆ ಕೆಲಸಕ್ಕೆ ಬೇಕಾದಷ್ಟೇ ತೆಗೆದುಕೊಳ್ಳಿ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯಲು ದಾರಿ ಇಡಿ. ಕೆಲಸ ಮುಗಿದ ಮೇಲೆ ಅಳಿಸಿ. 18 ವರ್ಷದ ಒಳಗಿನವರಾದರೆ ತಂದೆ ತಾಯಿಯ ಒಪ್ಪಿಗೆ ತೆಗೆದುಕೊಳ್ಳಿ. ರಾಜ್ಯೋತ್ಸವಕ್ಕೆ ಮಕ್ಕಳ ಚಿತ್ರ ಸ್ಪರ್ಧೆ ಇಡುವ ಸಂಘಗಳು ಈ ಕೊನೆಯದನ್ನು ಗಮನಿಸಿದರೆ ಒಳ್ಳೆಯದು. ಕಾಯ್ದೆ ತೋರಿಸಿ ಹೆದರಿಸುವುದು ನನ್ನ ಉದ್ದೇಶವಲ್ಲ. ಹಾಳೆಯೊಂದನ್ನು ಸರಿಯಾಗಿ ಮಾಡಿದರೆ ಇದರಲ್ಲಿ ಮುಕ್ಕಾಲು ಪಾಲು ತಾನಾಗೇ ಆಗುತ್ತದೆ. ಅದು ನನಗೆ ಗೊತ್ತಿರುವ ಕೆಲಸ, ಅದರ ಬಗ್ಗೆಯೇ ಹೇಳುತ್ತೇನೆ.

ಮೊದಲನೆಯದಾಗಿ ಹಾಜರಿಯನ್ನೂ ಫೋನ್ ನಂಬರನ್ನೂ ಬೇರೆ ಮಾಡಿ. ಬಿಲ್ಲಿಗೆ, ಲೆಕ್ಕ ಪರಿಶೋಧನೆಗೆ ಹಾಜರಿ ಪಟ್ಟಿ ಬೇಕು, ಒಪ್ಪುತ್ತೇನೆ. ಅದರಲ್ಲಿ ಹೆಸರು, ಊರು, ಸಹಿ ಇರಲಿ. ಅದು ಸಾಲಿಂದ ಸಾಲಿಗೆ ಹೋದರೂ ಅಷ್ಟೇನೂ ತೊಂದರೆಯಿಲ್ಲ. ಹಣ ಕೊಡುವ ಇಲಾಖೆಯವರು ನಂಬರೂ ಬೇಕು ಅಂದರೆ ಅದನ್ನೂ ಚೀಟಿಯಲ್ಲೇ ತೆಗೆದುಕೊಳ್ಳಿ. ಆದರೆ ಇಲಾಖೆಗೆ ಕೊಡುತ್ತೇವೆ ಅಂತ ಅದರಲ್ಲೇ ಬರೆಯಿರಿ.

ಚೀಟಿ ಅಂದೆನಲ್ಲ, ಅದೇ ಎರಡನೆಯದು. ನಂಬರಿಗೆ ಒಂದೇ ಹಾಳೆ ಬೇಡ, ಒಬ್ಬೊಬ್ಬರಿಗೆ ಒಂದೊಂದು ಚೀಟಿ ಕೊಡಿ. ಒಂದು ಎ4 ಹಾಳೆಯಲ್ಲಿ ನಾಲ್ಕು ಚೀಟಿ ಕೂರುತ್ತವೆ. 120 ಜನ ಬರುತ್ತಾರೆ ಅಂದರೆ 30 ಹಾಳೆ. ನಮ್ಮ ಅಂಗಡಿ ರೇಟಿನಲ್ಲಿ ನೂರು ರೂಪಾಯಿ ಒಳಗೇ ಆಗುತ್ತದೆ. ಬರೆದವರು ಮಡಚಿ ಡಬ್ಬಕ್ಕೆ ಹಾಕುತ್ತಾರೆ. ಪಕ್ಕದವರಿಗೆ ಕಾಣುವುದಿಲ್ಲ, ಫೋಟೊ ತೆಗೆಯಲು ಪಟ್ಟಿಯೇ ಇರುವುದಿಲ್ಲ. ಡಬ್ಬದ ಮುಂದೆ ಸಮಿತಿಯ ಒಬ್ಬರು ಕೂತಿರಲಿ. ಚೀಟಿಯಲ್ಲಿ ಬರೆಯಬೇಕಾದ್ದು ಹೀಗಿರಬಹುದು:

ಹೆಸರು ..................  ಊರು ..................
ಫೋನ್ ನಂಬರ್ ..................
ನಂಬರ್ ಕೊಡಲೇಬೇಕೆಂದಿಲ್ಲ. ಕೊಡದಿದ್ದರೂ ತರಬೇತಿ, ಊಟ ಎಲ್ಲವೂ ಇದೆ.
ಈ ನಂಬರ್  ☐ ನನ್ನದೇ  ☐ ಮನೆಯವರದು
ನಿಮಗೆ ಬೇಕಾದ್ದಕ್ಕೆ ಮಾತ್ರ ಗುರುತು ಹಾಕಿ:
☐ ಈ ತರಬೇತಿಯ ಮುಂದಿನ ಭಾಗದ ದಿನ, ಜಾಗ ತಿಳಿಸಲು ಫೋನ್ ಮಾಡಿ
☐ ಬೇರೆ ತರಬೇತಿ ಇದ್ದಾಗ ಮೆಸೇಜ್ ಕಳಿಸಿ
☐ ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿ. ಗುಂಪಿನವರಿಗೆಲ್ಲ ನನ್ನ ನಂಬರ್ ಕಾಣುತ್ತದೆ ಎಂದು ತಿಳಿದಿದೆ
ಈ ಚೀಟಿ ಸಂಘದ ಕಾರ್ಯದರ್ಶಿಯ ಬಳಿ ಮಾತ್ರ ಇರುತ್ತದೆ. ಯಾವ ಅಂಗಡಿಗೂ, ಕಂಪನಿಗೂ, ಪಕ್ಷಕ್ಕೂ ಕೊಡುವುದಿಲ್ಲ. ...... ತಾರೀಕಿನೊಳಗೆ ಹರಿದುಹಾಕುತ್ತೇವೆ, ಫೋನಿನಿಂದಲೂ ಅಳಿಸುತ್ತೇವೆ. ಅದಕ್ಕೂ ಮುಂಚೆ ಬೇಡ ಅನ್ನಿಸಿದರೆ ...... ನಂಬರಿಗೆ "ಬೇಡ" ಎಂದು ಮೆಸೇಜ್ ಕಳಿಸಿ, ಇಲ್ಲವೇ ಫೋನ್ ಮಾಡಿ ಹೇಳಿ.

ಇದರಲ್ಲಿ ಒಂದೆರಡು ಸಾಲು ಯಾಕೆ ಹಾಗಿವೆ ಅಂತ ವಿವರಿಸುತ್ತೇನೆ. ಮೂರು ಚೌಕ ಯಾಕೆ, ಒಂದು ಸಾಕಲ್ವಾ ಅಂತ ಕೇಳಬಹುದು. "ಮೇಲಿನ ಎಲ್ಲದಕ್ಕೂ ಒಪ್ಪಿದ್ದೇನೆ" ಅಂತ ಒಂದೇ ಚೌಕ ಇಟ್ಟರೆ ಬರೀ ದಿನ ತಿಳಿಯಬೇಕು ಅನ್ನುವವರೂ ಗುಂಪಿಗೆ ಬಂದು ಬೀಳುತ್ತಾರೆ. ನಮ್ಮ ದೊಡ್ಡಮ್ಮನಿಗೆ ಬೇಕಾಗಿದ್ದು ಎರಡನೇ ತರಬೇತಿ ಯಾವತ್ತು ಅನ್ನುವುದೊಂದೇ. ಚೌಕಗಳಲ್ಲಿ ಮುಂಚೆಯೇ ಗುರುತು ಹಾಕಿ ಪ್ರಿಂಟ್ ಮಾಡಿಸಬೇಡಿ. ನನ್ನ ಅಂಗಡಿಗೆ ಹಾಗೆ ಮಾಡಿಸಲು ಬರುವವರಿದ್ದಾರೆ. ಬರೆದವರೇ ಕೈಯಾರೆ ಹಾಕಿದರೆ ಮಾತ್ರ ಅದು ಒಪ್ಪಿಗೆ. ಖಾಲಿ ಬಿಟ್ಟ ಚೌಕ ಬೇಡ ಅಂತಲೇ ಅರ್ಥ. "ಮರೆತಿರಬೇಕು" ಅಂತ ನೀವು ಹಾಕಬಾರದು.

"ನನ್ನದೇ, ಮನೆಯವರದು" ಅನ್ನುವ ಸಾಲು ನಮ್ಮ ಕಡೆಗೆ ತುಂಬಾ ಮುಖ್ಯ. ಎಷ್ಟೋ ಹೆಂಗಸರು ಬರೆಸುವುದು ಗಂಡನ ಅಥವಾ ಮಗನ ನಂಬರ್. ಒಪ್ಪಿಗೆ ಕೊಟ್ಟವರು ಒಬ್ಬರು, ಫೋನ್ ಎತ್ತುವವರು ಇನ್ನೊಬ್ಬರು. ಹೊಲದಲ್ಲಿ ಸೊಪ್ಪು ಕೊಯ್ಯುತ್ತಿರುವ ಮಗನಿಗೆ "ನಿಮ್ಮಮ್ಮ ಗುಂಪಿಗೆ ಸೇರಿದ್ದಾರೆ" ಅಂದರೆ ಅವನಿಗೇನು ಗೊತ್ತು? ಮನೆಯವರ ನಂಬರ್ ಅಂತ ಗುರುತಿದ್ದರೆ ಫೋನ್ ಮಾಡಿದವರು ಮೊದಲು ಯಾರು ಮಾತಾಡುತ್ತಿರುವುದು ಅಂತ ಕೇಳಲಿ, ವಿಷಯ ಆಮೇಲೆ ಹೇಳಲಿ. ಅಂಥ ನಂಬರನ್ನು ಗುಂಪಿಗೆ ಸೇರಿಸಲೇಬೇಡಿ.

ಓದು ಬಾರದವರಿಗೆ ಚೀಟಿಯನ್ನು ಓದಿ ಹೇಳಬೇಕು. ನಮ್ಮ ಸುತ್ತಮುತ್ತ ಮನೆಯಲ್ಲಿ ತೆಲುಗು ಆಡುವವರೇ ಎಷ್ಟೋ ಜನ. ಅವರಿಗೆ ತೆಲುಗಿನಲ್ಲೇ ಹೇಳಿ. ಮೂರು ಚೌಕವನ್ನು ಒಂದೊಂದಾಗಿ ಓದಿ, ಒಂದೊಂದಕ್ಕೂ ಬೇಕಾ ಬೇಡವಾ ಕೇಳಿ, ಅವರು ಹೇಳಿದ್ದನ್ನು ಬರೆಯಿರಿ. ಒಬ್ಬರಿಗೆ ಎರಡು ನಿಮಿಷ ಹಿಡಿಯುತ್ತದೆ. ಆದ್ದರಿಂದ ಬಾಗಿಲ ಹತ್ತಿರ ಬೆಳಿಗ್ಗೆಯೇ ಒಂದು ಮೇಜು ಹಾಕಿ. ಭಾಷಣದ ಮಧ್ಯೆ ಅವಸರದಲ್ಲಿ ಯಾರೂ ಏನನ್ನೂ ಯೋಚಿಸಿ ಬರೆಯುವುದಿಲ್ಲ.

ಊಟ ಕೊಡಿಸಿದ ಅಂಗಡಿಯವರ ವಿಷಯಕ್ಕೂ ಒಂದು ದಾರಿ ಇದೆ. ಅವರಿಗೆ ಸಭಾಂಗಣದಲ್ಲೇ ಬೇರೆ ಮೇಜು ಕೊಡಿ. ಅವರದೇ ಚೀಟಿ, ಅವರದೇ ಹೆಸರು ಇರಲಿ. ಚಂದ್ರಿಕೆಯ ರೇಟು ಬೇಕಾದವರು ತಾವಾಗಿ ಹೋಗಿ ನಂಬರ್ ಕೊಡುತ್ತಾರೆ. ಅವರಿಗೂ ಅದೇ ಲಾಭ. ಬೇಡ ಅನ್ನುವ ನೂರು ಜನಕ್ಕೆ ಫೋನ್ ಮಾಡಿ ಬೈಸಿಕೊಳ್ಳುವುದಕ್ಕಿಂತ ಬೇಕು ಅಂದ ಹತ್ತು ಜನ ಸಿಕ್ಕರೆ ವ್ಯಾಪಾರ ಆಗುತ್ತದೆ.

ಹಾಳೆ ಎಷ್ಟೇ ಚೆನ್ನಾಗಿರಲಿ, ಆಮೇಲೆ ನಡೆಯುವುದರಲ್ಲಿ ಎಡವಿದರೆ ಎಲ್ಲ ವ್ಯರ್ಥ. ಅವತ್ತು ನಿಮ್ಮ ಪಟ್ಟಿಯನ್ನು ಟೈಪ್ ಮಾಡಿ ಸಮಿತಿಯ ಗುಂಪಿಗೆ ಹಾಕಿದರಂತೆ. ಸಮಿತಿಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ಫೋನಿನಲ್ಲಿ ಪ್ರತಿ ಉಳಿಯಿತು. ಈಗ ಯಾರು ಯಾರಿಗೆ ಕಳಿಸಿದರು ಅಂತ ಹೇಳಲು ಯಾರಿಗೂ ಆಗುತ್ತಿಲ್ಲ. ಪಟ್ಟಿ ಒಬ್ಬರ ಹತ್ತಿರ, ಒಂದೇ ಕಡೆ ಇರಲಿ. ಹೆಸರಿನ ಮುಂದೆ ಯಾವ ಚೌಕಕ್ಕೆ ಗುರುತಿದೆ ಅನ್ನುವ ಕಾಲಂ ಇರಲೇಬೇಕು. ಅದಿಲ್ಲದಿದ್ದರೆ ಮೂರು ತಿಂಗಳಾದ ಮೇಲೆ ಯಾರು ಏನಕ್ಕೆ ಒಪ್ಪಿದ್ದರು ಅಂತ ನೆನಪಿರುವುದಿಲ್ಲ, ಎಲ್ಲರಿಗೂ ಎಲ್ಲ ಹೋಗುತ್ತದೆ. "ಬೇಡ" ಅಂತ ಬಂದ ದಿನವೇ ಆ ಸಾಲನ್ನು ಅಳಿಸಿ, ಅಳಿಸಿದ್ದೇವೆ ಅಂತ ಒಂದು ಮಾತು ತಿಳಿಸಿ.

ವಾಟ್ಸ್ಆ್ಯಪ್ ಬಗ್ಗೆ ಒಂದು ಮಾತು. ಮಾಮೂಲಿ ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಬರೀ ಸುದ್ದಿ ತಿಳಿಸುವುದಕ್ಕೆ ಗುಂಪೇ ಬೇಕಿಲ್ಲ, ಬ್ರಾಡ್‌ಕಾಸ್ಟ್ ಲಿಸ್ಟ್ ಸಾಕು. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣದೆ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಮೆಸೇಜ್ ಹೋಗುತ್ತದೆ. ಅದಕ್ಕೂ ಮಿತಿ ಇದೆ. ಒಂದು ಲಿಸ್ಟಿಗೆ 256 ಜನ ಮಾತ್ರ. ಕಳಿಸುವವರ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ. "ಕಳಿಸಿದೆವು, ಯಾರೂ ಬರಲೇ ಇಲ್ಲ" ಅಂತ ಆಗುವುದು ಇಲ್ಲೇ. ಚೀಟಿ ಕೊಡುವಾಗಲೇ ಕಾರ್ಯದರ್ಶಿಯ ನಂಬರ್ ದೊಡ್ಡದಾಗಿ ಗೋಡೆಗೆ ಅಂಟಿಸಿ ಸೇವ್ ಮಾಡಿಕೊಳ್ಳಲು ಹೇಳಿ. ಮಾಡಿಕೊಳ್ಳದವರಿಗೆ ಮಾಮೂಲಿ ಎಸ್ಎಂಎಸ್ ಕಳಿಸಿ. ಕೀಪ್ಯಾಡ್ ಫೋನ್ ಇರುವವರಿಗೆ ಹೇಗಿದ್ದರೂ ಅದೇ ದಾರಿ.

ಆಯಿತು, ಈಗ ನನ್ನ ಬೇಡಿಕೆಗಳು. ಅವತ್ತಿನ ಪಟ್ಟಿ ಯಾರಿಗೆಲ್ಲ ಹೋಗಿದೆ ಅಂತ ಸಮಿತಿ ಸೇರಿ ವಿಚಾರಿಸಿ, ಗೊತ್ತಾದಷ್ಟನ್ನು ನಮಗೆ ತಿಳಿಸಿ. ಊಟ ಕೊಡಿಸಿದ ಅಂಗಡಿಯವರಿಗೆ ಪಟ್ಟಿ ಅಳಿಸಲು ಬರಹದಲ್ಲಿ ಕೇಳಿ, ಅವರ ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಬಾಯಿ ಮಾತಿನ "ಆಯ್ತು ಬಿಡಿ" ಸಾಲದು. ಸಮಿತಿಯವರು ತಮ್ಮ ತಮ್ಮ ಫೋನಿನಲ್ಲಿರುವ ಪ್ರತಿ ಅಳಿಸಬೇಕು. ವಾಟ್ಸ್ಆ್ಯಪ್ ಗುಂಪನ್ನು ಮುಚ್ಚಿ. ಮುಚ್ಚಿದರೂ ಈಗಾಗಲೇ ನಂಬರ್ ಸೇವ್ ಮಾಡಿಕೊಂಡವರ ಹತ್ತಿರ ಅದು ಉಳಿದೇ ಉಳಿಯುತ್ತದೆ, ಅದನ್ನು ಯಾರೂ ವಾಪಸ್ ತರಲಾಗದು. ಹಾಗಂತ ಗುಂಪು ತೆರೆದೇ ಇರಲಿ ಅನ್ನಲಾಗುವುದಿಲ್ಲ. ಹೊಸದಾಗಿ ಸೇರುವವರಿಗೆ ನಮ್ಮ ನಂಬರ್ ಸಿಗುವುದಾದರೂ ನಿಲ್ಲುತ್ತದೆ. ಆ ಹುಡುಗಿಯ ಮನೆಗೆ ಅಧ್ಯಕ್ಷರು ಒಂದು ಸಲ ಹೋಗಿ ಮಾತಾಡಬೇಕು. ಅವಳ ಅಪ್ಪನಿಗೆ ಸಂಘದ ಕಡೆಯಿಂದ ಒಂದು ಮಾತು ಬೇಕಾಗಿದೆ.

ಮುಂದಿನ ತಿಂಗಳು ಎರಡನೇ ತರಬೇತಿ ಇದೆ ಅಂತ ನೀವೇ ಹೇಳಿದ್ದೀರಿ. ಮೇಲಿನ ಚೀಟಿಯನ್ನು ಸಮಿತಿ ನೋಡಿ, ಬೇಕಾದ್ದು ಸೇರಿಸಿ, ತೆಗೆದು, ಒಂದು ವಾರ ಮುಂಚೆ ನನಗೆ ಕಳಿಸಿಕೊಡಿ. ಕಾಗದದ ದುಡ್ಡು ಕೊಟ್ಟರೆ ಸಾಕು, ಪ್ರಿಂಟ್ ಹೊಡೆದು ಕತ್ತರಿಸಿ ಕೊಡುತ್ತೇನೆ. ಹರಿದುಹಾಕುವ ತಾರೀಕಿನ ಜಾಗವನ್ನು ಮಾತ್ರ ಖಾಲಿ ಬಿಡಬೇಡಿ. ತಾರೀಕಿಲ್ಲದೆ ಬಂದರೆ ಪ್ರಿಂಟ್ ಹೊಡೆಯುವ ಮುಂಚೆ ನಿಮಗೆ ಫೋನ್ ಮಾಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತರಬೇತಿಗೆ ಬಂದಿದ್ದ ಒಬ್ಬ ರೇಷ್ಮೆ ಬೆಳೆಗಾರ್ತಿ,
ಶಿಡ್ಲಘಟ್ಟ